ರಕ್ತಹೀನತೆಯ ಅರ್ಧ, ಗೀಸರ್ ಗ್ಯಾಸಿನ ಅರ್ಧ: ಎರಡೂ ಯಾಕೆ ಒಂದೇ ಅಲ್ಲ?

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್ ಕೊನೇ ವರ್ಷ. ನಮ್ಮ ವಾರ್ಡಿಗೆ ಹಿಮೋಗ್ಲೋಬಿನ್ 7.5 ಇರೋ ಅಮ್ಮ ಒಬ್ಬರು ನಡ್ಕೊಂಡೇ ಬಂದ್ರು. ಅದೇ ವಾರ ಬಾತ್‌ರೂಮಿನ ಗ್ಯಾಸ್ ಗೀಸರ್ ಕೇಸ್ ಬಂತು. ಕಾರ್ಬಾಕ್ಸಿಹಿಮೋಗ್ಲೋಬಿನ್ 50%, ಪ್ರಜ್ಞೆ ಇರಲಿಲ್ಲ, ಆದ್ರೆ ಆಕ್ಸಿಮೀಟರ್ 98 ತೋರಿಸ್ತಿತ್ತು. ಇಬ್ಬರಲ್ಲೂ ಕೆಲಸ ಮಾಡೋ ಹಿಮೋಗ್ಲೋಬಿನ್ ಅರ್ಧಾನೇ ಅಲ್ವಾ ಸರ್? ಮೇಡಂ ‘ಕರ್ವ್ ಎಡಕ್ಕೆ ಸರಿಯುತ್ತೆ’ ಅಂದ್ರು. ಅಷ್ಟಕ್ಕೇ ಇಷ್ಟು ವ್ಯತ್ಯಾಸನಾ? ಹಾಗಾದ್ರೆ ಬಲಕ್ಕೆ ಸರಿದ್ರೆ ಯಾವಾಗ್ಲೂ ಒಳ್ಳೇದಾ?

ಉತ್ತರ:

ಹೌದು, ಬಹುಪಾಲು ಅಷ್ಟಕ್ಕೇ. ನಿಮ್ಮ ಮೇಡಂ ಹೇಳಿದ್ದು ಸರಿ. ಆದರೆ ‘ಎಡಕ್ಕೆ ಸರಿಯುತ್ತೆ’ ಅಂತ ಕೇಳಿ ತಲೆಯಾಡಿಸಿದರೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ಗೊತ್ತಾಗುವುದಿಲ್ಲ. ಒಂದು ಸಲ ಲೆಕ್ಕ ಹಾಕಿ ನೋಡಬೇಕು. ಕಷ್ಟದ ಲೆಕ್ಕ ಏನೂ ಅಲ್ಲ, ಕೂಡು, ಕಳೆ, ಭಾಗಿಸು ಬಂದರೆ ಸಾಕು. ಪೆನ್ನು ಪೇಪರ್ ಹತ್ತಿರ ಇಟ್ಟುಕೊಂಡು ಓದಿ.

ಮೊದಲು ಕರ್ವ್. ಕೆಳಗಿನ ಅಡ್ಡಗೆರೆಯಲ್ಲಿ ಆಕ್ಸಿಜನ್ನಿನ ಒತ್ತಡ, ಪಕ್ಕದ ನಿಂತ ಗೆರೆಯಲ್ಲಿ ಹಿಮೋಗ್ಲೋಬಿನ್ ಎಷ್ಟು ಶೇಕಡಾ ತುಂಬಿದೆ ಅನ್ನುವುದು. ಒತ್ತಡವನ್ನು ಉದ್ದಕ್ಕೂ ಮಿ.ಮೀ. ಪಾದರಸದಲ್ಲೇ ಹೇಳುತ್ತೇನೆ, ಪ್ರತಿ ಸಲ ಬರೆಯುವುದಿಲ್ಲ. ನಾಲ್ಕು ಜೋಡಿ ಬಾಯಿಗೆ ಬಂದರೆ ಕರ್ವ್ ಪೂರ್ತಿ ಬಂದಂತೆ. ಒತ್ತಡ 100 ಇದ್ದಾಗ ಸುಮಾರು 97%, 60 ಇದ್ದಾಗ 90%, 40 ಇದ್ದಾಗ 75%, 27 ಇದ್ದಾಗ 50%. ಈ ಕೊನೆಯ 27ಕ್ಕೆ ಪಿ-50 ಅಂತ ಹೆಸರು. ಅದು ಜಾಸ್ತಿಯಾದರೆ ಕರ್ವ್ ಬಲಕ್ಕೆ ಸರಿದಿದೆ, ಕಡಿಮೆಯಾದರೆ ಎಡಕ್ಕೆ ಸರಿದಿದೆ ಅಂತ ಅರ್ಥ.

ಈಗ ಆಕಾರ ನೋಡಿ. ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟು. 100ರಿಂದ 60ಕ್ಕೆ ಇಳಿದರೂ ಹಿಮೋಗ್ಲೋಬಿನ್ ಬರೀ ಏಳೆಂಟು ಶೇಕಡಾ ಕಳೆದುಕೊಳ್ಳುತ್ತದೆ. 60ರ ಕೆಳಗೆ ಮಾತ್ರ ಕಡಿದಾದ ಇಳಿಜಾರು. ಕಾರಣ ಅಣುವಿನೊಳಗೇ ಇದೆ. ಒಂದು ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ಕೂರುವ ಜಾಗ ನಾಲ್ಕು. ಖಾಲಿ ಇರುವಾಗ ಅಣು ಒಂದು ರೂಪದಲ್ಲಿರುತ್ತದೆ, ಆಗ ಅದಕ್ಕೆ ಆಕ್ಸಿಜನ್ ಮೇಲೆ ಒಲವು ಕಡಿಮೆ. ಒಂದೆರಡು ಜಾಗ ತುಂಬಿದರೆ ಇಡೀ ಅಣು ಇನ್ನೊಂದು ರೂಪಕ್ಕೆ ಹೊರಳುತ್ತದೆ, ಆಗ ಉಳಿದ ಜಾಗಗಳೂ ಆಕ್ಸಿಜನ್ನನ್ನು ಗಟ್ಟಿಯಾಗಿ ಹಿಡಿಯುತ್ತವೆ. ಬಿಡುವಾಗ ಇದೇ ಉಲ್ಟಾ. ಒಂದು ಬಿಟ್ಟರೆ ಉಳಿದವು ಬಿಡುವುದು ಸುಲಭವಾಗುತ್ತದೆ. ಈ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ, ಕಾರ್ಬನ್ ಮೊನಾಕ್ಸೈಡ್ ಕೆಡಿಸುವುದು ಇದನ್ನೇ.

ಈಗ ಲೆಕ್ಕ. ಆರೋಗ್ಯವಂತರಲ್ಲಿ ಹಿಮೋಗ್ಲೋಬಿನ್ 15 ಗ್ರಾಂ ಅಂದುಕೊಳ್ಳೋಣ. ಒಂದು ಗ್ರಾಂ ಪೂರ್ತಿ ತುಂಬಿದರೆ 1.34 ಮಿ.ಲೀ. ಆಕ್ಸಿಜನ್ ಹಿಡಿಯುತ್ತದೆ. 15 × 1.34 ಅಂದರೆ ಸುಮಾರು 20. ಅಂದರೆ 100 ಮಿ.ಲೀ. ಅಪಧಮನಿ ರಕ್ತದಲ್ಲಿ 20 ಮಿ.ಲೀ. ಆಕ್ಸಿಜನ್. ಸುಮ್ಮನೆ ಕೂತಿರುವ ದೇಹ ಅದರಲ್ಲಿ 5 ತೆಗೆದುಕೊಳ್ಳುತ್ತದೆ. 15 ವಾಪಸ್ ಬರುತ್ತದೆ. 20ರಲ್ಲಿ 15 ಅಂದರೆ 75%. ಕರ್ವ್ ಮೇಲೆ 75%ಗೆ ಒತ್ತಡ 40. ಹೃದಯಕ್ಕೆ ಮರಳುವ ರಕ್ತದಲ್ಲಿ ಇರುವುದೂ ಸರಿಯಾಗಿ ಅಷ್ಟೇ.

ಈ 40 ಯಾಕೆ ಮುಖ್ಯ ಅಂದರೆ, ಆಕ್ಸಿಜನ್ ಕ್ಯಾಪಿಲ್ಲರಿಯಿಂದ ಜೀವಕೋಶದೊಳಕ್ಕೆ ಹೋಗುವುದು ಒತ್ತಡದ ವ್ಯತ್ಯಾಸದಿಂದ ಮಾತ್ರ. ಜೀವಕೋಶದ ಒಳಗೆ, ಮೈಟೋಕಾಂಡ್ರಿಯಾ ಹತ್ತಿರ, ಒತ್ತಡ ತೀರಾ ಕಡಿಮೆ ಇರುತ್ತದೆ. ಕ್ಯಾಪಿಲ್ಲರಿಯಲ್ಲಿ ಒತ್ತಡ ಜಾಸ್ತಿ ಇದ್ದಷ್ಟೂ ಆಕ್ಸಿಜನ್ ದೂರದ ಜೀವಕೋಶದವರೆಗೂ ತಲುಪುತ್ತದೆ. ಹಾಗಾಗಿ ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಅನ್ನುವುದು ಅರ್ಧ ಕಥೆ. ಅದನ್ನು ಬಿಟ್ಟುಕೊಡುವಾಗ ಒತ್ತಡ ಎಷ್ಟಕ್ಕೆ ಕುಸಿಯಿತು ಅನ್ನುವುದು ಇನ್ನರ್ಧ. ಮಿದುಳಿನಿಂದ ಹೊರಬರುವ ರಕ್ತದಲ್ಲಿ ಈ ಒತ್ತಡ 20ರ ಆಸುಪಾಸಿಗೆ ಇಳಿದರೆ ಪ್ರಜ್ಞೆ ತಪ್ಪತೊಡಗುತ್ತದೆ.

ನಿಮ್ಮ ವಾರ್ಡಿನ ಅಮ್ಮನ ಲೆಕ್ಕಕ್ಕೆ ಬರೋಣ. ಹಿಮೋಗ್ಲೋಬಿನ್ 7.5, ಅಂದರೆ 100 ಮಿ.ಲೀ. ರಕ್ತದಲ್ಲಿ 10 ಮಿ.ಲೀ. ಆಕ್ಸಿಜನ್. ದೇಹ 5 ತೆಗೆದುಕೊಂಡರೆ 5 ಉಳಿಯುತ್ತದೆ. 10ರಲ್ಲಿ 5 ಅಂದರೆ 50%. ಮಾಮೂಲಿ ಕರ್ವ್ ಮೇಲೆ ಒತ್ತಡ 27. ಇದು 40ಕ್ಕಿಂತ ಕಡಿಮೆ, ಆದರೆ ಬದುಕಬಹುದಾದ ಒತ್ತಡ. ಅದರ ಮೇಲೆ ಅವರ ದೇಹ ಇನ್ನೂ ಎರಡು ಕೆಲಸ ಮಾಡಿಕೊಂಡಿರುತ್ತದೆ. ಒಂದು, ಹೃದಯ ಜಾಸ್ತಿ ರಕ್ತ ತಳ್ಳುತ್ತದೆ, ಹಾಗಾಗಿ ಪ್ರತಿ 100 ಮಿ.ಲೀ.ಯಿಂದ 5 ತೆಗೆಯುವ ಬದಲು 4 ತೆಗೆದರೂ ನಡೆಯುತ್ತದೆ. ಇನ್ನೊಂದು, ಕೆಂಪು ಕಣದೊಳಗೆ 2,3-ಡಿಪಿಜಿ ಅನ್ನುವ ಪದಾರ್ಥ ಹೆಚ್ಚುತ್ತದೆ. ಇದು ಕೆಂಪು ಕಣ ಗ್ಲೂಕೋಸ್ ಒಡೆಯುವ ದಾರಿಯಲ್ಲೇ ಹುಟ್ಟುವಂಥದ್ದು. ಖಾಲಿ ಹಿಮೋಗ್ಲೋಬಿನ್ನಿನ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ, ಅಣುವನ್ನು ಆ ಒಲವು ಕಡಿಮೆಯ ರೂಪದಲ್ಲೇ ಹಿಡಿದಿಡುತ್ತದೆ. ಪರಿಣಾಮ, ಕರ್ವ್ ಬಲಕ್ಕೆ. ಪಿ-50 ಸುಮಾರು 30ಕ್ಕೆ ಬಂದಿದೆ ಅಂದುಕೊಂಡು ಮತ್ತೆ ಲೆಕ್ಕ ಹಾಕಿ. 10ರಲ್ಲಿ 6 ವಾಪಸ್, ಅಂದರೆ 60%, ಆ ಸರಿದ ಕರ್ವ್ ಮೇಲೆ ಒತ್ತಡ ಸುಮಾರು 35. ಆರೋಗ್ಯವಂತರ 40ಕ್ಕೂ ಇದಕ್ಕೂ ದೂರ ಎಷ್ಟು? ಅರ್ಧ ಹಿಮೋಗ್ಲೋಬಿನ್ ಇಲ್ಲದೆಯೂ ಆಕೆ ನಡೆದು ಬಂದದ್ದು ಇದರಿಂದ. ಮೆಟ್ಟಿಲು ಹತ್ತಿಸಿದರೆ ಏದುಸಿರು ಬರುತ್ತದೆ, ಏಕೆಂದರೆ ಹೃದಯ ತನ್ನ ಮೀಸಲನ್ನು ಆಗಲೇ ಖರ್ಚು ಮಾಡುತ್ತಿದೆ. ಒಂದು ಎಚ್ಚರಿಕೆ. ಡಿಪಿಜಿ ಹೆಚ್ಚಲು ಹಲವು ಗಂಟೆಗಳಿಂದ ಒಂದೆರಡು ದಿನ ಬೇಕು. ಹೆರಿಗೆಯಲ್ಲೋ ಅಪಘಾತದಲ್ಲೋ ಒಮ್ಮೆಲೇ ರಕ್ತ ಹೋಗಿ ಅದೇ 7.5ಕ್ಕೆ ಬಂದವರಿಗೆ ಈ ಅನುಕೂಲ ಇರುವುದಿಲ್ಲ, ರಕ್ತದ ಪ್ರಮಾಣವೇ ಇಳಿದಿರುತ್ತದೆ. ಅವರನ್ನು ಈ ಅಮ್ಮನಿಗೆ ಹೋಲಿಸಬೇಡಿ.

ಇನ್ನು ಗೀಸರ್ ಕೇಸು. ಹಿಮೋಗ್ಲೋಬಿನ್ 15 ಇದೆ, ಆದರೆ ಅರ್ಧ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂತಿದೆ. ಆಕ್ಸಿಜನ್ನಿಗೆ ಹೋಲಿಸಿದರೆ ಇದಕ್ಕೆ ಹಿಮೋಗ್ಲೋಬಿನ್ ಜೊತೆ 200 ಪಟ್ಟಿಗೂ ಹೆಚ್ಚು ಒಲವು. ಉಳಿದ ಅರ್ಧದಲ್ಲಿ ಆಕ್ಸಿಜನ್, ಅಂದರೆ 10 ಮಿ.ಲೀ. ಇಲ್ಲಿಯವರೆಗೆ ಆ ಅಮ್ಮನಷ್ಟೇ. ದೇಹ 5 ತೆಗೆದುಕೊಂಡಿತು, 5 ಉಳಿಯಿತು. ಈಗ ಒತ್ತಡ ಎಷ್ಟು? ಇಲ್ಲಿ ‘10ರಲ್ಲಿ 5, ಅದಕ್ಕೆ 50%, ಅದಕ್ಕೆ 27’ ಅಂದರೆ ತಪ್ಪಾಗುತ್ತದೆ. ಏಕೆಂದರೆ ಆ ಹಿಮೋಗ್ಲೋಬಿನ್ ಎರಡು ಗುಂಪಾಗಿ, ಒಂದು ಗುಂಪಿನಲ್ಲಿ ಬರೀ ಮೊನಾಕ್ಸೈಡ್, ಇನ್ನೊಂದರಲ್ಲಿ ಬರೀ ಆಕ್ಸಿಜನ್ ಅಂತ ಹಂಚಿಕೊಂಡಿಲ್ಲ. ಒಂದೇ ಅಣುವಿನ ನಾಲ್ಕು ಜಾಗಗಳಲ್ಲಿ ಎರಡೂ ಬೆರೆತು ಕೂತಿವೆ. ಮೊನಾಕ್ಸೈಡ್ ಕೂತ ಜಾಗವನ್ನು ಅಣು ‘ತುಂಬಿದೆ’ ಅಂತಲೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಆಕ್ಸಿಜನ್ ಬಿಡಬೇಕಾದ ಕಡೆಯೂ ಅದು ಗಟ್ಟಿ ಹಿಡಿಯುವ ರೂಪದಲ್ಲೇ ಉಳಿದುಬಿಡುತ್ತದೆ.

ಇದನ್ನು ಲೆಕ್ಕಕ್ಕೆ ತಂದವರು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಜೊತೆಗಾರ ಡಗ್ಲಸ್. 1912ರ ಆ ಪ್ರಬಂಧದ ಮೂರನೇ ಹೆಸರು ಹಾಲ್ಡೇನ್ ಅವರ ಮಗ ಜೆ.ಬಿ.ಎಸ್. ಹಾಲ್ಡೇನ್. ಅದೇ ಮುಂದೆ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ. ಅವರ ಲೆಕ್ಕದ ತಿರುಳು ಇಷ್ಟು. ಎರಡೂ ಅನಿಲ ಸೇರಿ ಒಟ್ಟು ಎಷ್ಟು ಜಾಗ ತುಂಬಿದೆ ಅಂತ ನೋಡಿ. ಅದಕ್ಕೆ ಮಾಮೂಲಿ ಕರ್ವ್ ಮೇಲೆ ಎಷ್ಟು ಒತ್ತಡ ಬರುತ್ತದೋ ಓದಿಕೊಳ್ಳಿ. ಆಮೇಲೆ ಆ ಒತ್ತಡವನ್ನು ಎರಡೂ ಅನಿಲಕ್ಕೆ ಅವು ತುಂಬಿದ ಜಾಗದ ಪಾಲಿನಂತೆ ಹಂಚಿ. ಆಕ್ಸಿಜನ್ ಪಾಲಿಗೆ ಬಂದದ್ದೇ ನಿಜವಾದ ಆಕ್ಸಿಜನ್ ಒತ್ತಡ.

ಹಾಕಿ ನೋಡಿ. ಮರಳಿ ಬರುವ ರಕ್ತದಲ್ಲಿ ಮೊನಾಕ್ಸೈಡ್ 50%. ಉಳಿದ ಆಕ್ಸಿಜನ್ 5 ಮಿ.ಲೀ., ಅಂದರೆ ಪೂರ್ತಿ 20ರಲ್ಲಿ 25%. ಒಟ್ಟು ತುಂಬಿದ್ದು 75%. ಕರ್ವ್ ಮೇಲೆ 75%ಗೆ 40. ಆಕ್ಸಿಜನ್ ಪಾಲು ಮೂರರಲ್ಲಿ ಒಂದು. 40ರಲ್ಲಿ ಮೂರನೇ ಒಂದು ಭಾಗ ಅಂದರೆ ಸುಮಾರು 13.

ರಕ್ತದಲ್ಲಿ ಆಕ್ಸಿಜನ್ ಇಬ್ಬರಿಗೂ ಅಷ್ಟೇ ಇತ್ತು, ದೇಹ ತೆಗೆದುಕೊಂಡದ್ದೂ ಅಷ್ಟೇ. ಅಮ್ಮನಲ್ಲಿ ಒತ್ತಡ ಏನೂ ಹೊಂದಾಣಿಕೆ ಇಲ್ಲದೆ 27, ಹೊಂದಾಣಿಕೆ ಆದ ಮೇಲೆ 35. ಗೀಸರ್ ಕೇಸಿನಲ್ಲಿ 13. ಪ್ರಜ್ಞೆ ತಪ್ಪುವ 20ರ ಗೆರೆ ಈ ಎರಡರ ಮಧ್ಯೆ ಹಾದುಹೋಗುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೇ. ಇದು ಇಡೀ ದೇಹದ ಸರಾಸರಿ ಲೆಕ್ಕ ಅನ್ನುವುದನ್ನು ಮರೆಯಬೇಡಿ. ನಿಜವಾದ ರೋಗಿಯಲ್ಲಿ ಹೃದಯ ಜೋರಾಗಿ ಬಡಿಯುತ್ತದೆ, ಮಿದುಳಿಗೆ ರಕ್ತ ಜಾಸ್ತಿ ಹೋಗುತ್ತದೆ, ಹಾಗಾಗಿ ಸಂಖ್ಯೆ ಸ್ವಲ್ಪ ಮೇಲಿರಬಹುದು. ಆದರೆ ಹೃದಯಕ್ಕೆ ಅದೇ ಪೆಟ್ಟು. ಹೃದಯದ ಸ್ನಾಯು ಮಾಮೂಲಿಯಾಗಿಯೇ ತನಗೆ ಬಂದ ಆಕ್ಸಿಜನ್ನಿನಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ತೆಗೆದುಕೊಂಡಿರುತ್ತದೆ, ಇನ್ನಷ್ಟು ಎಳೆದುಕೊಳ್ಳಲು ಅಲ್ಲಿ ಜಾಗ ಇಲ್ಲ. ಜೊತೆಗೆ ಮೊನಾಕ್ಸೈಡ್ ಸ್ನಾಯುವಿನೊಳಗಿನ ಮಯೋಗ್ಲೋಬಿನ್‌ಗೂ ಅಂಟಿಕೊಳ್ಳುತ್ತದೆ. ಇಂಥವರಿಗೆ ವಯಸ್ಸು ಚಿಕ್ಕದಿದ್ದರೂ ಇಸಿಜಿ, ಟ್ರೋಪೋನಿನ್ ಮಾಡಿಸುವುದು ಇದಕ್ಕೇ.

ಈಗ ಬಲಕ್ಕೆ ಸರಿಯುವ ವಿಷಯ. ಜ್ವರ, ರಕ್ತದಲ್ಲಿ ಆಮ್ಲ ಹೆಚ್ಚುವುದು, ಕಾರ್ಬನ್ ಡೈಆಕ್ಸೈಡ್ ಹೆಚ್ಚುವುದು, ಡಿಪಿಜಿ ಹೆಚ್ಚುವುದು, ಇವೆಲ್ಲ ಬಲಕ್ಕೆ ತಳ್ಳುತ್ತವೆ. ಇವುಗಳ ಉಲ್ಟಾ ಆದರೆ ಎಡಕ್ಕೆ. ಕಾರ್ಬನ್ ಡೈಆಕ್ಸೈಡಿನ ಪರಿಣಾಮವನ್ನು 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕ್ರಿಶ್ಚಿಯನ್ ಬೋರ್ ಮತ್ತು ಜೊತೆಗಾರರು ತೋರಿಸಿದರು, ಅದಕ್ಕೇ ಬೋರ್ ಎಫೆಕ್ಟ್ ಅನ್ನುತ್ತೇವೆ. ದುಡಿಯುತ್ತಿರುವ ಸ್ನಾಯು ಬಿಸಿಯಾಗಿರುತ್ತದೆ, ಆಮ್ಲ ಬಿಡುತ್ತಿರುತ್ತದೆ, ಅಲ್ಲೇ ಹಿಮೋಗ್ಲೋಬಿನ್ ಹಿಡಿತ ಸಡಿಲಿಸುತ್ತದೆ. ಇಷ್ಟು ಓದಿದವರು ‘ಬಲ ಒಳ್ಳೆಯದು, ಎಡ ಕೆಟ್ಟದ್ದು’ ಅಂತ ಬರೆದುಕೊಂಡುಬಿಡುತ್ತಾರೆ. ಅದು ಅರ್ಧ ಸತ್ಯ. ಬಲಕ್ಕೆ ಸರಿದರೆ ಲಾಭವೋ ನಷ್ಟವೋ ಅನ್ನುವುದು ರೋಗಿಯ ಶ್ವಾಸಕೋಶ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಶ್ವಾಸಕೋಶ ಚೆನ್ನಾಗಿದೆ, ಅಪಧಮನಿ ರಕ್ತದಲ್ಲಿ ಒತ್ತಡ 95 ಅಂದುಕೊಳ್ಳಿ. ಪಿ-50 27ರಿಂದ 31ಕ್ಕೆ ಹೋದರೆ ಅಲ್ಲಿ ಸ್ಯಾಚುರೇಷನ್ 97ರಿಂದ ಹೆಚ್ಚುಕಡಿಮೆ 95ಕ್ಕೆ ಇಳಿಯುತ್ತದೆ. ಸಮತಟ್ಟು ಜಾಗ ಅಲ್ವಾ, ಜಾಸ್ತಿ ಹೋಗುವುದಿಲ್ಲ. ಆದರೆ ಒತ್ತಡ 40 ಇರುವ ಕಡೆ 75 ಇದ್ದದ್ದು 67ರ ಹತ್ತಿರ ಬರುತ್ತದೆ. ಅಂದರೆ ತುಂಬಿಕೊಳ್ಳುವಾಗ ಒಂದೆರಡು ಶೇಕಡಾ ಕಳೆದುಕೊಂಡು, ಕೊಡುವಾಗ ಏಳೆಂಟು ಶೇಕಡಾ ಹೆಚ್ಚು ಕೊಟ್ಟಂತಾಯಿತು. ಒಳ್ಳೆ ವ್ಯವಹಾರ.

ಈಗ ತೀವ್ರ ನ್ಯುಮೋನಿಯಾ ರೋಗಿಯನ್ನು ತೆಗೆದುಕೊಳ್ಳಿ. ಅಪಧಮನಿಯಲ್ಲೇ ಒತ್ತಡ 45. ಮಾಮೂಲಿ ಕರ್ವ್ ಮೇಲೆ 80%. ಜ್ವರ, ಆಮ್ಲ ಎರಡೂ ಸೇರಿ ಪಿ-50 31 ಆದರೆ ಅದೇ 45ಕ್ಕೆ 73%. ಇವರು ಇಳಿಜಾರಿನ ಮೇಲೆಯೇ ರಕ್ತ ತುಂಬಿಕೊಳ್ಳುತ್ತಿದ್ದಾರೆ, ಹಾಗಾಗಿ ಬಲಕ್ಕೆ ಸರಿದರೆ ಶ್ವಾಸಕೋಶದಲ್ಲೇ ಅಷ್ಟು ನಷ್ಟ. ಅಂಗಾಂಶದಲ್ಲಿ ಬಂದ ಲಾಭವೆಲ್ಲ ಅಲ್ಲೇ ಹೋಗುತ್ತದೆ. ಇಂಥ ಸ್ಥಿತಿಯಲ್ಲಿ ಎಡಕ್ಕೆ ಸರಿಯುವುದೇ ಮೇಲು. ಎವರೆಸ್ಟ್ ಹತ್ತುವವರು ವಿಪರೀತ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತೊಳೆದುಕೊಂಡು ಕರ್ವನ್ನು ಎಡಕ್ಕೆ ತಂದುಕೊಳ್ಳುವುದು ಹೀಗೇ. ಚಳಿಗಾಲಕ್ಕೆ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆ ತಲೆಯ ಹೆಬ್ಬಾತುಗಳ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ಎಡಕ್ಕಿದೆ. ಹೊಟ್ಟೆಯಲ್ಲಿರುವ ಮಗುವಿನದ್ದೂ ಅಷ್ಟೇ, ಪಿ-50 ಸುಮಾರು 19. ಕಡಿಮೆ ಒತ್ತಡದಲ್ಲಿ ಆಕ್ಸಿಜನ್ ತುಂಬಿಕೊಳ್ಳಬೇಕಾದ ಎಲ್ಲರಿಗೂ ಎಡವೇ ಬೇಕು.

ಹಾಗಾದರೆ ಮೊನಾಕ್ಸೈಡಿನ ಎಡ ಯಾಕೆ ಕೆಟ್ಟದ್ದು ಅಂತ ನೀವು ಕೇಳಬಹುದು. ಅಲ್ಲಿ ಶ್ವಾಸಕೋಶಕ್ಕೆ ಏನೂ ಆಗಿಲ್ಲ, ಒತ್ತಡ 95 ಇದ್ದೇ ಇದೆ. ತುಂಬಿಕೊಳ್ಳಲು ಸಹಾಯ ಬೇಕಿರಲಿಲ್ಲ. ಲಾಭ ಸೊನ್ನೆ, ಕೊಡುವ ಕಡೆ ಮಾತ್ರ ನಷ್ಟ.

ವಾರ್ಡಿನಲ್ಲಿ ಇದು ಬೇರೆ ರೂಪದಲ್ಲೂ ಎದುರಾಗುತ್ತದೆ. ಸಕ್ಕರೆ ಕಾಯಿಲೆಯ ಕೀಟೋಅಸಿಡೋಸಿಸ್ ನೋಡಿ. ಆಮ್ಲ ಕರ್ವನ್ನು ಬಲಕ್ಕೆ ತಳ್ಳುತ್ತಿರುತ್ತದೆ. ಅದೇ ಹೊತ್ತಿಗೆ ಆಮ್ಲದಿಂದಲೇ ಡಿಪಿಜಿ ಕಡಿಮೆಯಾಗಿರುತ್ತದೆ, ಅದು ಎಡಕ್ಕೆ ಎಳೆಯುತ್ತಿರುತ್ತದೆ. ಎರಡೂ ಸೇರಿ ಕರ್ವ್ ಹೆಚ್ಚುಕಡಿಮೆ ಮಾಮೂಲಿ ಜಾಗದಲ್ಲಿ ನಿಂತಿರುತ್ತದೆ. ಈಗ ಅವಸರಪಟ್ಟು ಬೈಕಾರ್ಬನೇಟ್ ಕೊಟ್ಟು ಆಮ್ಲವನ್ನು ಒಮ್ಮೆಲೇ ತೆಗೆದರೆ? ಬಲಕ್ಕೆ ತಳ್ಳುವುದು ನಿಮಿಷಗಳಲ್ಲಿ ಹೋಯಿತು, ಡಿಪಿಜಿ ಮಾತ್ರ ಮತ್ತೆ ತುಂಬಿಕೊಳ್ಳಲು ದಿನಗಳು ಬೇಕು. ಕರ್ವ್ ಎಡಕ್ಕೆ ಜಾರುತ್ತದೆ. ಆಮ್ಲ ತೀರಾ ವಿಪರೀತ ಇಲ್ಲದಿದ್ದರೆ ಹಿರಿಯ ವೈದ್ಯರು ಬೈಕಾರ್ಬನೇಟ್ ಬೇಡ ಅನ್ನುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ರಕ್ತನಿಧಿಯ ರಕ್ತದಲ್ಲೂ ಇದೇ ಕಥೆ. ಎರಡು ವಾರ ಇಟ್ಟ ರಕ್ತದಲ್ಲಿ ಡಿಪಿಜಿ ಬಹುಪಾಲು ಖಾಲಿಯಾಗಿರುತ್ತದೆ, ರೋಗಿಯ ಮೈಗೆ ಹೋದ ಮೇಲೆ ಒಂದರಿಂದ ಮೂರು ದಿನದಲ್ಲಿ ಮತ್ತೆ ತುಂಬುತ್ತದೆ. ಒಂದು ಯೂನಿಟ್ಟಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಹಾಗಂತ ರಕ್ತ ತಡಮಾಡುವುದೂ ಬೇಡ.

ಕೊನೆಗೆ ಆ 98. ಬೆರಳಿನ ಆಕ್ಸಿಮೀಟರ್ ಎರಡೇ ಬಗೆಯ ಬೆಳಕು ಬಿಡುತ್ತದೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕಿಗೆ ಆಕ್ಸಿಜನ್ ಹಿಡಿದದ್ದರಂತೆಯೇ ಕಾಣುತ್ತದೆ. ಯಂತ್ರ ಎರಡನ್ನೂ ಒಟ್ಟಿಗೆ ಎಣಿಸುತ್ತದೆ. ನಿಜವಾದ ಆಕ್ಸಿಜನ್ ಸ್ಯಾಚುರೇಷನ್ 48 ಇದ್ದರೂ ಪರದೆಯ ಮೇಲೆ 98. ಮಾಮೂಲಿ ಎಬಿಜಿ ಕೂಡ ಮೋಸ ಮಾಡುತ್ತದೆ. ಅದು ಅಳೆಯುವುದು ರಕ್ತದಲ್ಲಿ ಕರಗಿದ ಆಕ್ಸಿಜನ್ನಿನ ಒತ್ತಡ, ಅದು 95 ಇದ್ದೇ ಇರುತ್ತದೆ, ಸ್ಯಾಚುರೇಷನ್ನನ್ನು ಕೆಲವು ಯಂತ್ರಗಳು ಆ ಒತ್ತಡದಿಂದ ಸುಮ್ಮನೆ ಲೆಕ್ಕ ಹಾಕಿ ಬರೆಯುತ್ತವೆ. ಕುತ್ತಿಗೆಯಲ್ಲಿರುವ ಕ್ಯಾರೋಟಿಡ್ ಬಾಡಿ ಸಹ ಗಮನಿಸುವುದು ಈ ಒತ್ತಡವನ್ನೇ, ಹಾಗಾಗಿ ರೋಗಿಗೆ ಉಸಿರುಗಟ್ಟಿದ ಅನುಭವವೂ ಬರುವುದಿಲ್ಲ. ತಲೆನೋವು, ವಾಂತಿ, ಮಂಪರು, ಆಮೇಲೆ ಬಿದ್ದುಬಿಡುತ್ತಾರೆ. ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲೂ ಆಗದೆ ಹೋಗುವುದು ಹೀಗೆ, ಬೆಂಗಳೂರಿನಂಥ ಊರಿನ ಸಣ್ಣ, ಕಿಟಕಿ ಮುಚ್ಚಿದ ಬಾತ್‌ರೂಮುಗಳಲ್ಲಿ ಇಂಥ ಸಾವು ಮತ್ತೆ ಮತ್ತೆ ಆಗುತ್ತಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಸಂಖ್ಯೆ ಗೊತ್ತಾಗಬೇಕಾದರೆ ಕೋ-ಆಕ್ಸಿಮೀಟರ್ ಇರುವ ಯಂತ್ರದಲ್ಲೇ ರಕ್ತ ನೋಡಬೇಕು.

ಚಿಕಿತ್ಸೆ ಕೂಡ ಇದೇ ಲೆಕ್ಕದಿಂದ ಅರ್ಥವಾಗುತ್ತದೆ. ಮೊನಾಕ್ಸೈಡ್ ಮತ್ತು ಆಕ್ಸಿಜನ್ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ, ಆಕ್ಸಿಜನ್ ಒತ್ತಡ ಏರಿಸಿದರೆ ಮೊನಾಕ್ಸೈಡ್ ಬೇಗ ಜಾಗ ಬಿಡುತ್ತದೆ. ಬರೀ ಗಾಳಿಯಲ್ಲಿ ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ, ಶುದ್ಧ ಆಕ್ಸಿಜನ್ನಿನಲ್ಲಿ ಒಂದು, ಒಂದೂವರೆ ಗಂಟೆ. ಇನ್ನೊಂದು ಲಾಭ ಇದೆ. ಅಪಧಮನಿಯ ಒತ್ತಡ 600ಕ್ಕೆ ಏರಿದರೆ 100 ಮಿ.ಲೀ. ರಕ್ತದಲ್ಲಿ ಕರಗಿದ ಆಕ್ಸಿಜನ್ನೇ 1.8 ಮಿ.ಲೀ. ಆಗುತ್ತದೆ, ಅಂದರೆ ಬೇಕಾದ 5ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಅದೂ ಹಿಮೋಗ್ಲೋಬಿನ್ನಿನ ಹಂಗಿಲ್ಲದೆ. ಅಪ್ಪ ಹಾಲ್ಡೇನ್ 1895ರಲ್ಲೇ ಇದನ್ನು ಇಲಿಯ ಮೇಲೆ ತೋರಿಸಿದ್ದರು. ಎರಡು ವಾತಾವರಣದ ಒತ್ತಡದ ಆಕ್ಸಿಜನ್ನಿನಲ್ಲಿ ಇಟ್ಟ ಇಲಿ, ವಿಪರೀತ ಮೊನಾಕ್ಸೈಡ್ ಇದ್ದರೂ, ಕರಗಿದ ಆಕ್ಸಿಜನ್ನಿನ ಮೇಲೇ ಬದುಕಿತ್ತು. ಹೈಪರ್‌ಬಾರಿಕ್ ಚೇಂಬರಿನ ಹಿಂದಿನ ಯೋಚನೆ ಇದೇ.

ಹಾಗಾಗಿ ಮುಂದಿನ ಸಲ ಮುಚ್ಚಿದ ಬಾತ್‌ರೂಮಿನಿಂದ ಯಾರನ್ನಾದರೂ ತಂದರೆ ಆಕ್ಸಿಮೀಟರ್ 98 ಅಂದರೂ ನಾನ್-ರಿಬ್ರೀದರ್ ಮಾಸ್ಕ್ ಹಾಕಿ, ಪೂರ್ತಿ 15 ಲೀಟರ್. ರಕ್ತ ಕೂಡಲೇ ತೆಗೆಯಿರಿ, ವರದಿಗೆ ಕಾದು ಆಕ್ಸಿಜನ್ ತಡಮಾಡಬೇಡಿ. ತೆಗೆದ ಹೊತ್ತು, ಎಷ್ಟು ಹೊತ್ತಿನಿಂದ ಆಕ್ಸಿಜನ್ ಮೇಲಿದ್ದರು ಅನ್ನುವುದನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಆಂಬುಲೆನ್ಸಿನಲ್ಲಿ ಒಂದೂವರೆ ಗಂಟೆ ಆಕ್ಸಿಜನ್ ತೆಗೆದುಕೊಂಡು ಬಂದವರಲ್ಲಿ 25 ಅಂತ ಬಂದರೆ, ಬಾತ್‌ರೂಮಿನಲ್ಲಿ ಅದು 50ರ ಆಸುಪಾಸಿನಲ್ಲಿತ್ತು ಅಂತಲೇ ಓದಬೇಕು. ಗರ್ಭಿಣಿಯಾಗಿದ್ದರೆ ಆಕೆಯ ಸಂಖ್ಯೆ ಇಳಿದ ಮೇಲೂ ಆಕ್ಸಿಜನ್ ಮುಂದುವರಿಸುತ್ತಾರೆ. ಮಗುವಿನ ರಕ್ತದಿಂದ ಮೊನಾಕ್ಸೈಡ್ ಹೊರಹೋಗುವುದು ತಾಯಿಗಿಂತ ನಿಧಾನ, ಆ ಮಗುವಿನ ಕರ್ವ್ ಮೊದಲೇ ಎಡಕ್ಕಿರುತ್ತದೆ.